ಗೊರಕೆ ನಿಂತಾಗ ಕಿವಿಗೊಡಿ

ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಜೋರು ಗೊರಕೆ ಎಂದರೆ ಗಾಢನಿದ್ದೆ ಎಂದೇ ಲೆಕ್ಕ. ಬೀಡಿ, ಸಿಗರೇಟು ಸೇದುವ ನಡುವಯಸ್ಸಿನ ಗಂಡಸರ ಮಟ್ಟಿಗೆ ಅದು ಹೆಚ್ಚಾಗಿ ಉಲ್ಟಾ. ಹೊಗೆಗೆ ಮೂಗು, ಗಂಟಲಿನ ಒಳಪದರ ಊದಿಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ಬೊಜ್ಜು, ರಾತ್ರಿಯ ಕುಡಿತವೂ ಸೇರಿದರೆ ನಿದ್ದೆಯಲ್ಲಿ ಸಡಿಲಾದ ಗಂಟಲು ಆಗಾಗ ಮುಚ್ಚಿಕೊಳ್ಳುತ್ತದೆ. ಇದೇ ಸ್ಲೀಪ್ ಆಪ್ನಿಯ.

ಸಾಕ್ಷಿ ಹೆಂಡತಿಯೇ. ಗೊರಕೆ ತಟ್ಟನೆ ನಿಂತು, 10 ಸೆಕೆಂಡಿಗೂ ಹೆಚ್ಚು ಉಸಿರಿಲ್ಲದೆ, ಆಮೇಲೆ ಏದುಸಿರಿನೊಂದಿಗೆ ಶುರುವಾದರೆ ಅನುಮಾನಿಸಬೇಕು. 7 ಗಂಟೆ ನಿದ್ದೆಯಲ್ಲಿ 140 ಬಾರಿ ಹೀಗಾದರೆ ಗಂಟೆಗೆ 20. ವೈದ್ಯರ ಲೆಕ್ಕದಲ್ಲಿ ಮಧ್ಯಮ ತೀವ್ರತೆ. ಮಲಗಿದವನಿಗೆ ಇದ್ಯಾವುದೂ ನೆನಪಿರುವುದಿಲ್ಲ. ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಮಾತ್ರೆ ನುಂಗಿದರೂ ಇಳಿಯದ ಬಿಪಿ ಮಾತ್ರ ಉಳಿಯುತ್ತವೆ.

ಮೇಲಾಗಿ, ರಕ್ತದ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ನಡುರಾತ್ರಿ ಚಡಪಡಿಕೆಯಿಂದ ಎದ್ದವನು ಜಗಲಿಯಲ್ಲಿ ಬೀಡಿ ಹಚ್ಚುತ್ತಾನೆ. ಅದು ನಿದ್ದೆಯನ್ನು ಇನ್ನಷ್ಟು ಓಡಿಸುತ್ತದೆ. ಬೀಡಿ ಬಿಟ್ಟ ಮೊದಲ ವಾರಗಳಲ್ಲೂ ನಿದ್ದೆ ಕೆಡುವುದರಿಂದಲೇ ಹಲವರು ಮತ್ತೆ ಹಚ್ಚುವುದು. ಬೀಡಿ ಬಿಟ್ಟಮೇಲೂ ಉಸಿರು ನಿಲ್ಲುತ್ತಿದ್ದರೆ ನಿದ್ರಾ ಪರೀಕ್ಷೆ ಆಗಲೇಬೇಕು. ತೀವ್ರವಿದ್ದರೆ ಗಾಳಿಯೊತ್ತಡದ ಸಿಪ್ಯಾಪ್ ಯಂತ್ರವೂ ಬೇಕಾಗಬಹುದು. ಬಿಪಿ ತಪಾಸಣೆಗೆ ಬಂದವರ ಹೆಂಡತಿಯನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು ಗೊರಕೆಯ ಬಗ್ಗೆ ಕೇಳಲಿ. ಅದಕ್ಕೆ ಖರ್ಚೇನೂ ಇಲ್ಲ.