400 ಜನ ಹೆಸರು ಕೊಟ್ಟರು, ಲೈವ್‌ನಲ್ಲಿ ಕಂಡಿದ್ದು ಬರೀ 96: ಉಳಿದವರು ನೋಡಲೇ ಇಲ್ಲವೇ?

ಇಂಥ ಒಂದು ಸ್ಕ್ರೀನ್‌ಶಾಟ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಯಾವುದೋ ಆನ್‌ಲೈನ್ ಕಾರ್ಯಕ್ರಮದ ಲೈವ್ ಪುಟದ ಚಿತ್ರ, ಮೂಲೆಯ ಸಣ್ಣ ಸಂಖ್ಯೆಗೆ ಕೆಂಪು ವೃತ್ತ, ಕೆಳಗೆ ‘ನೋಂದಣಿ 400, ನೋಡಿದವರು 96. ದುಡ್ಡೆಲ್ಲ ನೀರಿಗೆ!’ ಎಂಬ ಬರಹ. ಇದಕ್ಕೆ ಉತ್ತರವಾಗಿ ಸಂಘಟಕರ ಕಡೆಯವರು ಇನ್ನೊಂದು ಫಾರ್ವರ್ಡ್ ಬಿಡುತ್ತಾರೆ: ‘ವ್ಯೂಸ್ 310. ಒಂದೊಂದು ಮನೆಯಲ್ಲಿ ನಾಲ್ಕು ಜನ ನೋಡಿದ್ದಾರೆ. ಒಟ್ಟು 1,240 ಜನ!’

ಎರಡರಲ್ಲಿ ಯಾವುದು ಸರಿ? ಎರಡೂ ತಪ್ಪು. ಯಾಕೆಂದು ನೋಡೋಣ.

ಆ ಸಂಖ್ಯೆ ಎಣಿಸುವುದು ಏನನ್ನು?

ಲೈವ್ ನಡೆಯುವಾಗ ಪರದೆಯ ಮೇಲೆ ಕಾಣುವ ‘ವೀಕ್ಷಿಸುತ್ತಿರುವವರು’ ಎಂಬ ಸಂಖ್ಯೆ ತಲೆಗಳ ಎಣಿಕೆ ಅಲ್ಲ. ಆ ಗಳಿಗೆಯಲ್ಲಿ ಎಷ್ಟು ಕಡೆ ವಿಡಿಯೊ ಓಡುತ್ತಿದೆ ಎಂಬುದರ ಎಣಿಕೆ ಅದು. ನಿಮ್ಮ ಮೊಬೈಲ್ ಮುಂದೆ ನೀವೊಬ್ಬರೇ ಇದ್ದರೂ ಒಂದು. ಶಾಲೆಯ ಸ್ಮಾರ್ಟ್ ಟಿವಿ ಮುಂದೆ ಅರವತ್ತು ಮಕ್ಕಳು ಕೂತಿದ್ದರೂ ಒಂದೇ. ಪರದೆಯ ಈಚೆ ಯಾರಿದ್ದಾರೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

2023ರ ಆಗಸ್ಟ್ 23ರ ಸಂಜೆಯನ್ನು ನೆನಪಿಸಿಕೊಳ್ಳಿ. ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಹೊತ್ತು. ಇಸ್ರೋದ ಯೂಟ್ಯೂಬ್ ವಾಹಿನಿಯಲ್ಲಿ ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ವೀಕ್ಷಣೆ ದಾಖಲಾಯಿತು. ಹಾಗೆಂದು ‘ದೇಶದಲ್ಲಿ 80 ಲಕ್ಷ ಜನರಷ್ಟೇ ನೋಡಿದರು’ ಎಂದರೆ ನೀವು ಒಪ್ಪುತ್ತೀರಾ? ಶಾಲೆ, ಕಾಲೇಜು, ಕಚೇರಿಗಳಲ್ಲಿ ಒಂದು ಪರದೆಗೆ ನೂರಾರು ಜನ ಕಣ್ಣು ನೆಟ್ಟಿದ್ದರು. ದೂರದರ್ಶನ ಮತ್ತು ಸುದ್ದಿ ವಾಹಿನಿಗಳಲ್ಲಿ ನೋಡಿದವರಂತೂ ಆ ಲೆಕ್ಕದಲ್ಲೇ ಇಲ್ಲ.

ಇದು ಹೊಸ ತೊಡಕೇನಲ್ಲ. ಕ್ಷೌರದ ಅಂಗಡಿಗೆ ಬರುವ ಪತ್ರಿಕೆ ಒಂದೇ ಪ್ರತಿ, ಓದುವವರು ಮೂವತ್ತು ಜನ. ಅದಕ್ಕೇ ಪತ್ರಿಕಾ ಲೋಕದಲ್ಲಿ ಮಾರಾಟವಾದ ಪ್ರತಿಗಳ ಲೆಕ್ಕ ಬೇರೆ, ಜನರನ್ನು ಕೇಳಿ ತಿಳಿಯುವ ಓದುಗರ ಲೆಕ್ಕ ಬೇರೆ. ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯೂ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಸುಮ್ಮನಾಗುವುದಿಲ್ಲ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಟನ್ ಇರುತ್ತದೆ. ಯಾರು ಟಿವಿ ಮುಂದೆ ಕೂತರೋ ಅವರು ತಮ್ಮ ಬಟನ್ ಒತ್ತಬೇಕು. ಲೈವ್ ಪುಟದಲ್ಲಿ ಅಂಥ ಬಟನ್ ಇಲ್ಲ.

ನೋಂದಣಿ ಎಂದರೆ ನೋಡಿದ್ದಲ್ಲ

ಇನ್ನು ನೋಂದಣಿ. ಇದು ಹೆಸರುಗಳ ಎಣಿಕೆ. ಹೆಸರು ಕೊಟ್ಟವರು ಬರದೇ ಇರಬಹುದು, ಹೆಸರು ಕೊಡದವರು ಬಂದು ಪಕ್ಕದಲ್ಲಿ ಕೂರಬಹುದು.

‘ಪರೀಕ್ಷಾ ಪೇ ಚರ್ಚಾ’ ಕಾರ್ಯಕ್ರಮದ 2025ರ ಆವೃತ್ತಿಗೆ ಗಿನ್ನೆಸ್ ದಾಖಲೆ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಆ ದಾಖಲೆ ಒಂದು ತಿಂಗಳಲ್ಲಿ ಆದ 3.53 ಕೋಟಿ ನೋಂದಣಿಗಳದ್ದು. ಪ್ರಸಾರವನ್ನು ಎಷ್ಟು ಜನ ನೋಡಿದರು ಎಂಬುದರದ್ದಲ್ಲ. ಅದೇ ಕಾರ್ಯಕ್ರಮವನ್ನು ಶಾಲೆಗಳಲ್ಲಿ ಟಿವಿ ಇಟ್ಟು ಮಕ್ಕಳಿಗೆ ತೋರಿಸುತ್ತಾರೆ. ಹಾಗಾಗಿ ನೋಂದಣಿಯ ಸಂಖ್ಯೆಯನ್ನೂ ಲೈವ್ ಪುಟದ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಥವೇ ಇಲ್ಲ. ಒಂದು ಕಡೆ ಹೆಸರು, ಇನ್ನೊಂದು ಕಡೆ ಪರದೆ. ಗಾಡಿಗಳ ಲೆಕ್ಕದಿಂದ ಜಾತ್ರೆಗೆ ಬಂದ ಜನರ ಲೆಕ್ಕ ಹೇಳಿದ ಹಾಗೆ.

ನಿಡೋಣಿಯಲ್ಲಿ ಒಂದು ಲೆಕ್ಕ

ಹಾಗಾದರೆ ಸರಿಯಾಗಿ ಲೆಕ್ಕ ಹಾಕುವುದು ಹೇಗೆ? ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಇದರಲ್ಲಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾವೇ ಇಟ್ಟುಕೊಂಡವು.

ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಭಾಗ ದ್ರಾಕ್ಷಿಗೆ ಹೆಸರಾದದ್ದು. ಅಕ್ಟೋಬರ್ ಚಾಟ್ನಿಗೆ ಮುಂಚೆ ನಿಡೋಣಿ ಮತ್ತು ಸುತ್ತಲಿನ ಊರುಗಳ ರೈತರಿಗೆ ರಾತ್ರಿ 8 ಗಂಟೆಗೆ ಒಂದು ಆನ್‌ಲೈನ್ ತರಬೇತಿ ಇದೆ ಎಂದುಕೊಳ್ಳಿ. ನೋಂದಣಿ 400. ಯೂಟ್ಯೂಬ್ ಲೈವ್‌ನಲ್ಲಿ ಒಂದೇ ಹೊತ್ತಿಗೆ ಅತಿ ಹೆಚ್ಚು ಕಂಡ ಸಂಖ್ಯೆ 96. ಮಾರನೆಯ ದಿನ ವ್ಯೂಸ್ 310. ಮುಂದಿನ ವರ್ಷ ಈ ತರಬೇತಿ ಇರಬೇಕೋ ಬೇಡವೋ ಎಂಬುದು ಈ ಅಂಕಿಗಳ ಮೇಲೆ ನಿಂತಿದೆ.

ಮೊದಲ ಹೆಜ್ಜೆ, ಗುಂಪಾಗಿ ಕೂತ ಜಾಗಗಳನ್ನು ಬೇರೆ ಮಾಡುವುದು. ಸಹಕಾರಿ ಸಂಘದ ಹಾಲ್, ಶಾಲೆ, ದೇವಸ್ಥಾನದ ಕಟ್ಟೆ ಹೀಗೆ ಏಳು ಕಡೆ ಟಿವಿ ಹಚ್ಚಿದ್ದರು. ಪ್ರತಿ ಜಾಗದಲ್ಲಿ ಒಬ್ಬರಿಗೆ ಮೊದಲೇ ಹೇಳಿಟ್ಟಿದ್ದರು: ‘ಎಂಟೂವರೆಗೆ ತಲೆ ಎಣಿಸಿ ಬರೆದುಕೊಳ್ಳಿ; ಹೆಸರು ನೋಂದಾಯಿಸಿದವರು ಎಷ್ಟು ಎಂದೂ ಕೇಳಿ.’ ಬಂದ ಲೆಕ್ಕ 45, 32, 28, 25, 22, 18, 15. ಒಟ್ಟು 185 ಜನ. ಲೈವ್ ಪುಟಕ್ಕೆ ಇವರೆಲ್ಲ ಬರೀ 7.

ಎರಡನೆಯದು, ಉಳಿದ ಪರದೆಗಳು. 96ರಲ್ಲಿ 7 ಹೋದರೆ 89. ಇವು ಮನೆಗಳ ಮೊಬೈಲ್, ಟಿವಿಗಳು. ಇಲ್ಲಿ ತಲಾ ಎಷ್ಟು ಜನ? ಊಹಿಸಬಾರದು, ಕೇಳಬೇಕು. ಸಂಘಟಕರು ಮಾರನೆಯ ದಿನವೇ ನೋಂದಣಿ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ 40 ಹೆಸರು ಆರಿಸಿ ಫೋನ್ ಮಾಡಿದರು. ಕೇಳಿದ್ದು ಮೂರೇ ಪ್ರಶ್ನೆ: ನೋಡಿದಿರಾ? ಎಲ್ಲಿ ನೋಡಿದಿರಿ? ಆ ಪರದೆ ಮುಂದೆ ಎಷ್ಟು ಜನ ಇದ್ದಿರಿ? 40ರಲ್ಲಿ 22 ಜನ ನೋಡಿದ್ದರು. ಅವರಲ್ಲಿ 12 ಜನ ಮನೆಯಲ್ಲಿ ನೋಡಿದವರು. ಆ 12 ಪರದೆಗಳ ಮುಂದೆ ಒಟ್ಟು 19 ಜನ, ಅಂದರೆ ಪರದೆಗೆ ಸುಮಾರು 1.6.

ಮೂರನೆಯದು, ಕೂಡಿಸುವುದು. 89 ಪರದೆಗೆ 1.6ರಂತೆ ಸುಮಾರು 142 ಜನ. ಗುಂಪುಗಳ 185 ಸೇರಿ 327. ಆದರೆ 1.6 ಎಂಬುದು 12 ಮನೆಗಳಿಂದ ಬಂದ ಅಂದಾಜು. ಆದ್ದರಿಂದ ಮನೆಗೆ ಒಬ್ಬರೇ ಎಂದರೆ 274, ಇಬ್ಬರು ಎಂದರೆ 363 ಎಂದು ಎರಡೂ ಅಂಚನ್ನು ಬರೆದಿಟ್ಟುಕೊಳ್ಳಬೇಕು. ‘ಎಂಟೂವರೆ ಹೊತ್ತಿಗೆ ಸುಮಾರು 270ರಿಂದ 360 ಜನ ನೋಡುತ್ತಿದ್ದರು’ ಎಂಬುದು ಪ್ರಾಮಾಣಿಕ ಉತ್ತರ. 96 ಅಲ್ಲ, 1,240 ಕೂಡ ಅಲ್ಲ.

ಹಾಗಾದರೆ 400ರಲ್ಲಿ 327 ಬಂದರೇ?

ಇಲ್ಲಿ ಅವಸರ ಬೇಡ. 327ರಲ್ಲಿ ಹೆಸರು ಕೊಡದೇ ಬಂದವರೂ ಇದ್ದಾರೆ: ಮಗನ ಜೊತೆ ಕೂತ ತಂದೆ, ಕಟ್ಟೆಗೆ ಸುಮ್ಮನೆ ಬಂದ ನೆರೆಯವರು. ಏಳು ಜಾಗಗಳ ಪಟ್ಟಿ ತೆಗೆದು ನೋಡಿದರೆ 185ರಲ್ಲಿ ನೋಂದಾಯಿಸಿದವರು 98 ಮಾತ್ರ. ಹಾಗಾಗಿ 327ನ್ನು 400ರಿಂದ ಭಾಗಿಸಿ ‘ಶೇ 82 ಹಾಜರಾತಿ’ ಎನ್ನುವುದೂ ತಪ್ಪೇ.

ನೋಂದಾಯಿಸಿದವರಲ್ಲಿ ಎಷ್ಟು ಜನ ನೋಡಿದರು ಎಂಬ ಪ್ರಶ್ನೆಗೆ ಉತ್ತರ ಆ 40 ಫೋನ್ ಕರೆಗಳಲ್ಲೇ ಇದೆ. 40ಕ್ಕೆ 22, ಅಂದರೆ ಶೇ 55. 400ಕ್ಕೆ ಸುಮಾರು 220. ಮಾದರಿ ಸಣ್ಣದಾದ್ದರಿಂದ ನಿಜವಾದ ಪ್ರಮಾಣ ಶೇ 40ರಿಂದ 70ರ ನಡುವೆ ಎಲ್ಲಾದರೂ ಇರಬಹುದು. ಕೇಳಿದಾಗ ಸಂಕೋಚಕ್ಕೆ ‘ನೋಡಿದೆ’ ಎನ್ನುವವರೂ ಇರುತ್ತಾರೆ. ಆದರೂ ಇದನ್ನು ಇನ್ನೊಂದು ಕಡೆಯಿಂದ ತಾಳೆ ನೋಡಬಹುದು. ನೋಡಿದ 22 ಜನರಲ್ಲಿ 10 ಜನ ಗುಂಪಿನಲ್ಲಿ ನೋಡಿದ್ದಾಗಿ ಹೇಳಿದ್ದರು. ಆ ಲೆಕ್ಕದಲ್ಲಿ 400ಕ್ಕೆ 100 ಜನ ಗುಂಪಿನಲ್ಲಿ ಇರಬೇಕಿತ್ತು. ಜಾಗಗಳಿಂದ ಬಂದ ಪಟ್ಟಿಯಲ್ಲಿ ಇದ್ದದ್ದು 98. ಎರಡೂ ಹತ್ತಿರ ಇವೆ, ಲೆಕ್ಕ ನಂಬಬಹುದು. 100ರ ಜಾಗದಲ್ಲಿ 30 ಬಂದಿದ್ದರೆ ಎಲ್ಲೋ ಎಡವಿದ್ದೇವೆ ಎಂದು ತಿಳಿಯಬೇಕಿತ್ತು.

ಈಗ ಎರಡು ಉತ್ತರ ಸಿಕ್ಕವು. ಹೆಸರು ಕೊಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನೋಡಿದರು. ಹೆಸರು ಕೊಡದವರೂ ಸೇರಿ ಮುನ್ನೂರರ ಆಸುಪಾಸು ಜನಕ್ಕೆ ತರಬೇತಿ ತಲುಪಿತು. ಇವು ಬೇರೆ ಬೇರೆ ಪ್ರಶ್ನೆಗಳ ಉತ್ತರ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು.

310 ವ್ಯೂಸ್ ಯಾಕೆ ಬೇಡ?

ವ್ಯೂಸ್ ಎಂಬುದು ಕೂಡುತ್ತಾ ಹೋಗುವ ಲೆಕ್ಕ. ನೆಟ್‌ವರ್ಕ್ ಹೋಗಿ ಮತ್ತೆ ಸೇರಿದವರು, ಮೊದಲು ಮೊಬೈಲಿನಲ್ಲಿ ತೆರೆದು ಆಮೇಲೆ ಟಿವಿಗೆ ಹಾಕಿದವರು, ಮರುದಿನ ರೆಕಾರ್ಡಿಂಗ್ ನೋಡಿದವರು ಎಲ್ಲರೂ ಅದರಲ್ಲಿ ಬರುತ್ತಾರೆ. ಒಬ್ಬರೇ ಎರಡು ಮೂರು ಬಾರಿ ಎಣಿಕೆಯಾಗಿರಬಹುದು. ಅಂಥ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ತಪ್ಪೂ ನಾಲ್ಕು ಪಟ್ಟಾಗುತ್ತದೆ. ಪರದೆಗೆ ಇಷ್ಟು ಜನ ಎಂದು ಗುಣಿಸುವುದಿದ್ದರೆ ಒಂದೇ ಗಳಿಗೆಯ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು. ಸಂಘಟಕರಿಗೆ ಯೂಟ್ಯೂಬ್ ಸ್ಟುಡಿಯೋದಲ್ಲಿ Peak concurrent viewers ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ತಲೆ ಎಣಿಕೆಯೂ ಅದೇ ಹೊತ್ತಿನದಾಗಿರಬೇಕು.

ಝೂಮ್ ಸಭೆಯಲ್ಲೂ ಇದೇ ಕಥೆ. ಒಂದು ಹಾಲ್‌ನ ಲ್ಯಾಪ್‌ಟಾಪ್ ಪಟ್ಟಿಯಲ್ಲಿ ಒಂದೇ ಹೆಸರು. ಮೂರು ಸಲ ಬಿಟ್ಟು ಮೂರು ಸಲ ಸೇರಿದವರದ್ದು ವರದಿಯಲ್ಲಿ ಮೂರು ಸಾಲು. Show unique users ಆರಿಸಿದರೆ ಸಾಲುಗಳು ಒಟ್ಟುಗೂಡುತ್ತವೆ, ಹಾಲ್‌ನಲ್ಲಿ ಕೂತವರು ಮಾತ್ರ ಆಗಲೂ ಕಾಣುವುದಿಲ್ಲ.

ಇನ್ನೊಂದು ಎಚ್ಚರ. ‘ನಿಮ್ಮ ಜೊತೆ ಎಷ್ಟು ಜನ ಇದ್ದಾರೆ, ಚಾಟ್‌ನಲ್ಲಿ ಬರೆಯಿರಿ’ ಎಂದು ಕೇಳಿ ಸರಾಸರಿ ತೆಗೆಯುವ ಪದ್ಧತಿ ಇದೆ. ಸುಲಭ, ಆದರೆ ಓರೆ. ನಲವತ್ತು ಜನರನ್ನು ಕೂರಿಸಿಕೊಂಡ ಮೇಷ್ಟ್ರು ಹೆಮ್ಮೆಯಿಂದ ಬರೆಯುತ್ತಾರೆ. ಒಬ್ಬರೇ ನೋಡುತ್ತಿರುವವರು ‘ನಂದೇನು ಬರೆಯೋದು’ ಎಂದು ಸುಮ್ಮನಿರುತ್ತಾರೆ. ಆ ಸರಾಸರಿಯನ್ನು ಎಲ್ಲ ಪರದೆಗೂ ಹಚ್ಚಿದರೆ ಊರಿನ ಜನಸಂಖ್ಯೆಗಿಂತ ನೋಡುಗರೇ ಹೆಚ್ಚಾದಾರು. ಅದಕ್ಕೇ ಗುಂಪಿನ ಜಾಗಗಳನ್ನು ಮೊದಲು ಬೇರೆ ಮಾಡಬೇಕು.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಇಂಥ ಸ್ಕ್ರೀನ್‌ಶಾಟ್ ಬಂದರೆ ಮೂರು ಸಂಗತಿ ನೋಡಿ. ವೃತ್ತ ಹಾಕಿದ ಸಂಖ್ಯೆ ಆ ಗಳಿಗೆಯದೋ, ಒಟ್ಟು ವ್ಯೂಸೋ? ಚಿತ್ರ ತೆಗೆದದ್ದು ಯಾವಾಗ? ಕಾರ್ಯಕ್ರಮ ಶುರುವಾದ ಎರಡನೇ ನಿಮಿಷದ ಚಿತ್ರದಲ್ಲಿ ಸಂಖ್ಯೆ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಗುಂಪಾಗಿ ನೋಡಿದ ಜಾಗಗಳ ತಲೆ ಎಣಿಕೆ ಯಾರ ಬಳಿಯಾದರೂ ಇದೆಯೇ? ಇಲ್ಲವಾದರೆ ‘ಇಷ್ಟೇ ಜನ’ ಎನ್ನುವವರ ಮಾತೂ ‘ಇಷ್ಟೊಂದು ಜನ’ ಎನ್ನುವವರ ಮಾತೂ ಬರೀ ಊಹೆ.

ನೀವೇ ಸಂಘಟಕರಾಗಿದ್ದರೆ ತಲೆ ಎಣಿಸುವ ಕೆಲಸವನ್ನು ಮೊದಲೇ ಒಬ್ಬರಿಗೆ ಒಪ್ಪಿಸಿ. ಕಾರ್ಯಕ್ರಮ ಮುಗಿದು ಜನ ಎದ್ದು ಹೋದ ಮೇಲೆ ಆ ಲೆಕ್ಕವನ್ನು ಯಾವ ಆ್ಯಪ್‌ನಿಂದಲೂ ತೆಗೆಯಲಾಗದು.