ಗೊತ್ತಿರುವ ಕಾನೂನೇ ಅಂಕ ಕಳೆಯುತ್ತದೆ!

ನಾನು ಓದುತ್ತಿರುವುದು ಬಿ.ಇ., ಐದನೇ ಸೆಮಿಸ್ಟರ್. ಕಾನೂನಿಗೂ ನನಗೂ ನಂಟು ಬೆಳೆದದ್ದು ಮನೆಯಲ್ಲಿ ಸಿಎಲ್‌ಎಟಿಗೆ ತಯಾರಾಗುತ್ತಿರುವ ತಂಗಿಯಿಂದ. ಅವಳು ದ್ವಿತೀಯ ಪಿಯು ವಾಣಿಜ್ಯ ವಿಭಾಗದಲ್ಲಿದ್ದಾಳೆ. ಅವಳ ಕೋಚಿಂಗ್‌ನಲ್ಲಿ ಕೊಟ್ಟ ದಪ್ಪ ಪುಸ್ತಕದಲ್ಲಿ ಸಂವಿಧಾನದ ವಿಧಿಗಳು, ಲ್ಯಾಟಿನ್ ಸೂತ್ರಗಳು, ಪ್ರಸಿದ್ಧ ಮೊಕದ್ದಮೆಗಳ ಪಟ್ಟಿ ಎಲ್ಲವೂ ಇವೆ. ಮೂರು ತಿಂಗಳು ಅವಳ ಜತೆ ಕುಳಿತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಕಾನೂನು ವಿಭಾಗದ ಮಟ್ಟಿಗೆ ಆ ಪುಸ್ತಕದ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಕೆಲವು ಪುಟಗಳು ಅಂಕವನ್ನೇ ಕಳೆಯುತ್ತವೆ.

2020ಕ್ಕೆ ಮೊದಲು ಈ ಪರೀಕ್ಷೆಯಲ್ಲಿ 200 ಪ್ರಶ್ನೆಗಳಿರುತ್ತಿದ್ದವು, ನೆನಪಿನ ಶಕ್ತಿಗೂ ಅಲ್ಲಿ ಜಾಗವಿತ್ತು. ಈಗ 120 ಪ್ರಶ್ನೆ, 120 ನಿಮಿಷ. ಸುಮಾರು 450 ಪದಗಳ ಒಂದು ಗದ್ಯಭಾಗ, ಅದರ ಕೆಳಗೆ ಐದಾರು ಪ್ರಶ್ನೆ. ಇವುಗಳಲ್ಲಿ ಕಾನೂನು ತಾರ್ಕಿಕತೆಯ ಪಾಲು ಹೆಚ್ಚು ಕಡಿಮೆ ಕಾಲು ಭಾಗ. ಈ ವಿಭಾಗಕ್ಕೆ ಕಾನೂನಿನ ಪೂರ್ವಜ್ಞಾನ ಬೇಕಿಲ್ಲ ಎಂದು ಪರೀಕ್ಷೆ ನಡೆಸುವ ಒಕ್ಕೂಟವೇ ಹೇಳುತ್ತದೆ. ಆದರೂ ಕೋಚಿಂಗ್ ಪುಸ್ತಕಗಳು ದಪ್ಪವಾಗುತ್ತಲೇ ಇವೆ!

ಒಂದು ಉದಾಹರಣೆ ನೋಡೋಣ. ಇದು ನಾನು ತಂಗಿಗಾಗಿ ಮಾಡಿದ ಪ್ರಶ್ನೆ. ಗದ್ಯಭಾಗದಲ್ಲಿ ಈ ನಿಯಮ ಇದೆ ಎಂದುಕೊಳ್ಳಿ: ಅಪಾಯಕಾರಿ ವಸ್ತುವನ್ನು ತನ್ನ ಜಾಗಕ್ಕೆ ತಂದಿಟ್ಟುಕೊಂಡವನು, ಅದು ಅಲ್ಲಿಂದ ಹೊರಗೆ ಹೋಗಿ ಬೇರೆಯವರಿಗೆ ಹಾನಿ ಮಾಡಿದರೆ, ತನ್ನ ತಪ್ಪಿಲ್ಲದಿದ್ದರೂ ನಷ್ಟ ಭರಿಸಬೇಕು. ಆದರೆ ಹೊರಗಿನವನೊಬ್ಬನ ಕೃತ್ಯದಿಂದ ಹಾನಿಯಾಗಿ, ಆ ಕೃತ್ಯವನ್ನು ಮಾಲೀಕ ಮುಂಚೆಯೇ ಊಹಿಸಲು ಸಾಧ್ಯವಿರದಿದ್ದರೆ ಅವನು ಹೊಣೆಯಲ್ಲ. ಇನ್ನು ಪ್ರಶ್ನೆ: ಒಂದು ಗೊಬ್ಬರ ಕಾರ್ಖಾನೆಯಲ್ಲಿ ಆಸಿಡ್ ಟ್ಯಾಂಕ್ ಇದೆ. ಒಂದು ರಾತ್ರಿ ಯಾರೋ ಗೋಡೆ ಒಡೆದು ಒಳನುಗ್ಗಿ ಟ್ಯಾಂಕಿನ ವಾಲ್ವ್ ತೆರೆದು ಓಡಿಹೋಗುತ್ತಾರೆ. ಅಲ್ಲಿ ಹಿಂದೆಂದೂ ಇಂಥದ್ದು ನಡೆದಿರಲಿಲ್ಲ. ಆಸಿಡ್ ಹರಿದು ಪಕ್ಕದ ಅಡಿಕೆ ತೋಟ ಸುಟ್ಟುಹೋಗುತ್ತದೆ. ಮಾಲೀಕ ಹೊಣೆಯೇ?

ಕೋಚಿಂಗ್ ಪುಸ್ತಕ ಓದಿಕೊಂಡವರ ಕೈ ತಕ್ಷಣ 'ಹೌದು' ಎಂಬ ಉತ್ತರದ ಕಡೆ ಹೋಗುತ್ತದೆ. ಅದಕ್ಕೆ ಕಾರಣವೂ ಇದೆ. ಮೇಲಿನ ನಿಯಮ 1868ರ ಇಂಗ್ಲೆಂಡಿನ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಮೊಕದ್ದಮೆಯಿಂದ ಬಂದದ್ದು. ಅದಕ್ಕೆ ಅಪವಾದಗಳುಂಟು. ನಮ್ಮಲ್ಲಿ 1985ರಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಆಗ ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವರಿಗೆ ಈ ಅಪವಾದಗಳು ಸಿಗುವುದಿಲ್ಲ, ಅವರ ಹೊಣೆ ಪೂರ್ಣ ಎಂದಿತು. ಭೋಪಾಲ್ ದುರಂತದ ನೆನಪು ಇನ್ನೂ ಹಸಿಯಾಗಿದ್ದ ಕಾಲ ಅದು. ಹಾಗಾಗಿ ಇಂದಿನ ಭಾರತದ ಕಾನೂನಿನ ಪ್ರಕಾರ 'ಹೊಣೆ' ಎನ್ನುವ ವಿದ್ಯಾರ್ಥಿ ಹೇಳುವುದು ಸರಿಯೇ. ಆದರೆ ಗದ್ಯಭಾಗದಲ್ಲಿ ಮೆಹ್ತಾ ಮೊಕದ್ದಮೆ ಇಲ್ಲ, ಅಪವಾದ ಇದೆ. ಈ ಪ್ರಶ್ನೆಯಲ್ಲಿ ಮಾಲೀಕ ಹೊಣೆಯಲ್ಲ. ಭೌತಶಾಸ್ತ್ರದ ಲೆಕ್ಕದಲ್ಲಿ g = 10 ಎಂದು ಕೊಟ್ಟಿದ್ದರೆ ನಾವು 9.8 ಹಾಕುತ್ತೇವೆಯೇ? ಇದೂ ಹಾಗೆಯೇ.

ಇಲ್ಲಿಗೂ ಮುಗಿಯಲಿಲ್ಲ. ನಾಲ್ಕು ಆಯ್ಕೆಗಳಲ್ಲಿ ಎರಡು 'ಹೊಣೆಯಲ್ಲ' ಎಂದೇ ಇರುತ್ತವೆ. ಒಂದು, 'ಮಾಲೀಕ ಟ್ಯಾಂಕನ್ನು ಎಚ್ಚರಿಕೆಯಿಂದ ನೋಡಿಕೊಂಡಿದ್ದ, ಆದ್ದರಿಂದ ಹೊಣೆಯಲ್ಲ'. ಇನ್ನೊಂದು, 'ಹೊರಗಿನವನ ಕೃತ್ಯವನ್ನು ಊಹಿಸಲು ಸಾಧ್ಯವಿರಲಿಲ್ಲ, ಆದ್ದರಿಂದ ಹೊಣೆಯಲ್ಲ'. ಮೊದಲನೆಯದು ಕೇಳಲು ನ್ಯಾಯವಾಗಿದೆ. ಆದರೆ ತಪ್ಪಿಲ್ಲದಿದ್ದರೂ ನಷ್ಟ ಭರಿಸಬೇಕು ಎಂದು ನಿಯಮವೇ ಹೇಳಿರುವಾಗ ಎಚ್ಚರಿಕೆಯ ಮಾತು ಲೆಕ್ಕಕ್ಕೇ ಬರುವುದಿಲ್ಲ. ತೀರ್ಪು ಸರಿ, ಕಾರಣ ತಪ್ಪು, ಉತ್ತರವೂ ತಪ್ಪು. ಕಾಲು ಅಂಕ ಕಡಿತ. ನಾನು ನೋಡಿದ ಮಟ್ಟಿಗೆ ಹುಡುಗರು ಹೆಚ್ಚು ಜಾರುವುದು ಇಲ್ಲೇ. 'ಆದ್ದರಿಂದ'ಕ್ಕೆ ಮೊದಲಿನ ಮಾತು ಗದ್ಯಭಾಗದ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ ಆ ಆಯ್ಕೆಯನ್ನು ಬಿಡುವುದು ಒಳ್ಳೆಯದು.

ಮುಂದಿನ ಪ್ರಶ್ನೆಯಲ್ಲಿ ಒಂದೇ ಒಂದು ಸಂಗತಿ ಬದಲಾಗುತ್ತದೆ. ಅದೇ ತಿಂಗಳಲ್ಲಿ ಮೂರು ಸಲ ಯಾರೋ ಗೋಡೆ ಹಾರಿ ಬಂದು ವಾಲ್ವ್ ಮುಟ್ಟಿದ್ದರು, ಕಾವಲುಗಾರ ಅದನ್ನು ಮಾಲೀಕನಿಗೆ ತಿಳಿಸಿಯೂ ಇದ್ದ. ಈಗ 'ಊಹಿಸಲು ಸಾಧ್ಯವಿರದಿದ್ದರೆ' ಎಂಬ ಷರತ್ತು ಬಿದ್ದುಹೋಯಿತು, ಮಾಲೀಕ ಹೊಣೆ. ಅದರ ಮುಂದಿನದರಲ್ಲಿ ತೋಟದ ಬದಲು, ಕಾರ್ಖಾನೆಯ ಒಳಗೇ ಕೆಲಸ ಮಾಡುತ್ತಿದ್ದ ಕಾರ್ಮಿಕನಿಗೆ ಆಸಿಡ್ ತಗಲುತ್ತದೆ. ವಸ್ತು ಹೊರಗೆ ಹೋಗಲೇ ಇಲ್ಲ. ಹಾಗಾಗಿ ಈ ನಿಯಮದಡಿ ಅವನಿಗೆ ಪರಿಹಾರ ಇಲ್ಲ. ನಮ್ಮ ಮನಸ್ಸು ಕಾರ್ಮಿಕನ ಪರವೇ ಇರುತ್ತದೆ, ಇರಬೇಕಾದ್ದೂ ಹೌದು. ಅವನಿಗೆ ಬೇರೆ ಕಾಯ್ದೆಗಳ ಆಸರೆಯೂ ಇದೆ. ಆದರೆ ಪ್ರಶ್ನೆ ಕೇಳಿದ್ದು ಈ ನಿಯಮದ ಬಗ್ಗೆ ಮಾತ್ರ.

ಹಾಗಾದರೆ ಕಾನೂನಿನ ಅರಿವು ಬೇಡವೇ? ಬೇಕು, ಆದರೆ ಅದರ ಜಾಗ ಬೇರೆ. ಪ್ರಚಲಿತ ವಿದ್ಯಮಾನಗಳ ವಿಭಾಗದಲ್ಲಿ ಕಾನೂನು ಸುದ್ದಿಗಳು ನೇರವಾಗಿಯೇ ಬರಬಹುದು. ಅಲ್ಲೂ ಹಳೆಯ ಪಟ್ಟಿಯನ್ನು ಉರುಹೊಡೆಯುವುದರಲ್ಲಿ ಅಪಾಯವಿದೆ. ಕೊಲೆಗೆ 302, ವಂಚನೆಗೆ 420 ಎಂದು ನಮಗೆ ಸಿನಿಮಾಗಳೇ ಕಲಿಸಿಬಿಟ್ಟಿವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಕೊಲೆಯ ಶಿಕ್ಷೆಗೆ 103, ವಂಚನೆಗೆ 318. ಇನ್ನು ಗದ್ಯಭಾಗ ಓದುವಾಗ ಅರಿವಿನಿಂದ ಸಿಗುವ ಲಾಭ ವೇಗ. ಹೊಣೆ, ಅಪವಾದ ಎಂಬ ಚೌಕಟ್ಟು ಮೊದಲೇ ಪರಿಚಯವಿದ್ದವರು ನಿಯಮ ಎಲ್ಲಿ ಮುಗಿದು ಅಪವಾದ ಎಲ್ಲಿ ಶುರುವಾಯಿತು ಎಂಬುದನ್ನು ಬೇಗ ಗುರುತಿಸುತ್ತಾರೆ. ಒಂದು ಪ್ರಶ್ನೆಗೆ ಒಂದೇ ನಿಮಿಷ ಸಿಗುವಲ್ಲಿ, ಅದೂ ಓದುವ ಸಮಯ ಸೇರಿಸಿ, ಅದು ಸಣ್ಣ ಲಾಭವಲ್ಲ.

'ಪೂರ್ವಜ್ಞಾನ ಬೇಕಿಲ್ಲ' ಎಂಬ ಮಾತಿನ ಬಗ್ಗೆ ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ. ಕಾನೂನು ಗೊತ್ತಿರಬೇಕಿಲ್ಲ ನಿಜ, ಆದರೆ ಇಂಗ್ಲಿಷಿನ ಉದ್ದುದ್ದ ವಾಕ್ಯಗಳನ್ನು ಓಡುತ್ತಲೇ ಓದುವ ಅಭ್ಯಾಸ ಇರಲೇಬೇಕು. ಪರೀಕ್ಷೆ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ತಂಗಿಗೆ ಮೇಲಿನ ಆಸಿಡ್ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಾಗ ಮೂರಕ್ಕೆ ಮೂರೂ ಸರಿಯಾಗಿ ಉತ್ತರಿಸಿದಳು. ಅದನ್ನೇ ಇಂಗ್ಲಿಷ್‌ಗೆ ತಿರುಗಿಸಿ ಕೊಟ್ಟಾಗ 'ಅನ್‌ಲೆಸ್' ಎಂಬ ಒಂದು ಪದದ ಬಳಿ ನಿಂತುಬಿಟ್ಟಳು. ತರ್ಕ ಅವಳಲ್ಲಿ ಇದ್ದೇ ಇತ್ತು.

ಈಗ ನಾವು ಆ ದಪ್ಪ ಪುಸ್ತಕವನ್ನು ಪಕ್ಕಕ್ಕಿಟ್ಟಿದ್ದೇವೆ. ದಿನಕ್ಕೆ ಎರಡೇ ಗದ್ಯಭಾಗ. ಮೊದಲು ಆಯ್ಕೆಗಳನ್ನು ಕಾಗದದಿಂದ ಮುಚ್ಚಿ, ನಿಯಮವನ್ನು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಬರೆಯುತ್ತಾಳೆ: ಯಾರು, ಏನು ಮಾಡಿದರೆ, ಯಾವಾಗ ಬಿಟ್ಟು. ಆಮೇಲೆ 'ಅನ್‌ಲೆಸ್', 'ಪ್ರೊವೈಡೆಡ್ ದಟ್', 'ಓನ್ಲಿ ಇಫ್' ತರಹದ ಪದಗಳಿಗೆ ಸುತ್ತು ಹಾಕುತ್ತಾಳೆ. ಉತ್ತರ ತಪ್ಪಾದಾಗ ಪಕ್ಕದಲ್ಲಿ ಒಂದು ಅಕ್ಷರ ಬರೆಯುತ್ತಾಳೆ. ಹೊರಗಿನ ಜ್ಞಾನ ತಂದಿದ್ದರೆ 'ಹೊ', ಕಾರಣ ತಪ್ಪಿದ್ದರೆ 'ಕಾ', ಪದ ಅರ್ಥವಾಗದಿದ್ದರೆ 'ಪ'. ಮೊದಲ ವಾರ ಪುಟದ ತುಂಬ 'ಹೊ' ಇತ್ತು. ಈಗ ಉಳಿದಿರುವುದು ಹೆಚ್ಚಾಗಿ 'ಪ'. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಒಕ್ಕೂಟದ ಜಾಲತಾಣದಲ್ಲೇ ಸಿಗುತ್ತವೆ. ಅವುಗಳನ್ನು ಮುದ್ರಿಸಿ ಪಿಯು ಕಾಲೇಜುಗಳ ಗ್ರಂಥಾಲಯದಲ್ಲಿ ಇಟ್ಟರೆ ಆಗುವ ಖರ್ಚು, ಒಬ್ಬ ವಿದ್ಯಾರ್ಥಿ ಕೋಚಿಂಗ್‌ಗೆ ಕಟ್ಟುವ ಮೊದಲ ಕಂತಿನಷ್ಟೂ ಆಗಲಾರದು.