ಕೊನೇ ಬಸ್ಸು ತಪ್ಪಿದ ಮೇಲೆ

ಮಂಡ್ಯದಲ್ಲಿ ಅಂಗಡಿಗೆ ಬೀಗ ಹಾಕಿ ಓಡಿ ಬರುವಷ್ಟರಲ್ಲಿ ಮದ್ದೂರಿನ ಕೊನೇ ಬಸ್ಸು ಹೋಗಿಬಿಟ್ಟಿದೆ. ಊರು ಸುಮಾರು 20 ಕಿಲೋಮೀಟರ್. "ಬೆಂಗಳೂರು ಬಸ್ ಬಂತು, ಹತ್ತಿ ಸ್ವಾಮಿ" ಅನ್ನೋರಿಗೆ ಬರವಿಲ್ಲ. ಆದರೆ 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಬೈಪಾಸ್ ಹಿಡಿಯುವ ಬಸ್ಸುಗಳು ಮದ್ದೂರಿನೊಳಕ್ಕೆ ಬರುವುದಿಲ್ಲ. "ಊರೊಳಗೆ ಹೋಗುತ್ತಾ?" ಎಂದು ಕಂಡಕ್ಟರನ್ನು ಕೇಳಿಯೇ ಹತ್ತಬೇಕು. ಬೈಪಾಸಿನಲ್ಲಿ ಇಳಿದರೆ ಕತ್ತಲು, ಮೈಮೇಲೆ ಬರುವ ಲಾರಿಗಳು. ಆ ಮುಖ್ಯರಸ್ತೆಗೆ ಆಟೋ ಬರುವಂತೆಯೂ ಇಲ್ಲ.

ಅದಕ್ಕಿಂತ ಮೂರು ಜನ ಸೇರಿ, ಬಾಡಿಗೆ ಮೊದಲೇ ಮಾತಾಡಿ, ಆಟೋ ನಂಬರನ್ನು ಮನೆಗೆ ಫೋನಿನಲ್ಲಿ ಹೇಳಿ ಹಳೇ ರಸ್ತೆಯಲ್ಲಿ ಹೋಗುವುದು ಮೇಲು. ಜೊತೆ ಸಿಗದಿದ್ದರೆ, ಮನೆಗೆ ತಿಳಿಸಿ, ದೀಪವಿರುವ ನಿಲ್ದಾಣದಲ್ಲೇ ಬೆಳಗಿನ ಬಸ್ಸಿಗೆ ಕಾಯುವುದು ವಾಸಿ. ನಿದ್ದೆ ಕೆಟ್ಟೀತು, ಜೀವ ಉಳಿದೀತು.